ಚೀಟಿ ಸಿಕ್ಕಾಗ ಏನು ಮಾತಾಡಬೇಕು?

ಲಕ್ಷ್ಮೀಪುರಂನ ಉಪನ್ಯಾಸಕಿಯವರಿಗೆ,

ಪಿಯು ಪರೀಕ್ಷೆಯಲ್ಲಿ ಹುಡುಗಿಯ ಜಾಮಿಟ್ರಿ ಬಾಕ್ಸಿನಲ್ಲಿ ಚೀಟಿ ಕಂಡು ನೀವೇ ತಡವರಿಸಿದಿರಿ ಎಂದು ಬರೆದಿದ್ದೀರಿ. ಇನ್ನೊಮ್ಮೆ ಹೀಗಾದರೆ ಹತ್ತಿರ ಹೋಗಿ, ಪಕ್ಕದ ಬೆಂಚಿಗೂ ಕೇಳದಂತೆ ಮಾತಾಡಿ.

‘ಬರೆಯೋದು ನಿಲ್ಲಿಸಮ್ಮ. ಆ ಚೀಟಿ ಕೊಡು.’

‘ಮೇಡಂ, ನೋಡೇ ಇಲ್ಲ. ಅಮ್ಮನಿಗೆ ಗೊತ್ತಾದ್ರೆ...’

‘ನೋಡಿಲ್ಲ ಅಂದ್ರೆ ಅದನ್ನೇ ಹೇಳಿಕೆಯಲ್ಲಿ ಬರಿ. ನಾನೂ ಕಂಡದ್ದಷ್ಟೇ ಬರೀತೀನಿ.’

ಈ ಕೊನೆಯ ಮಾತು ಮುಖ್ಯ. ‘ಬಿಟ್ಟುಬಿಡ್ತೀನಿ’ ಎಂದಾಗಲಿ ‘ನಿನ್ನ ವರ್ಷ ಹೋಯ್ತು’ ಎಂದಾಗಲಿ ಹೇಳಬೇಡಿ; ತೀರ್ಮಾನ ನಿಮ್ಮದಲ್ಲ. ಚೀಟಿ ಹರಿಯಬೇಡಿ, ಮೈ ತಡವಬೇಡಿ. ಉತ್ತರ ಪತ್ರಿಕೆಯೊಂದಿಗೆ ಚೀಟಿಯನ್ನು ಮುಖ್ಯ ಅಧೀಕ್ಷಕರಿಗೆ ಒಪ್ಪಿಸಿ. ಎಷ್ಟು ಹೊತ್ತಿಗೆ, ಎಲ್ಲಿ ಸಿಕ್ಕಿತು, ಆಗ ಅವಳು ಯಾವ ಪ್ರಶ್ನೆ ಬರೆಯುತ್ತಿದ್ದಳು ಎಂಬುದನ್ನು ವರದಿಯಲ್ಲಿ ನಮೂದಿಸಿ. ಚೀಟಿಯಲ್ಲಿರುವುದು ಉತ್ತರದಲ್ಲಿ ಇಳಿದಿದೆಯೇ ಎಂದು ಆಮೇಲೆ ತಾಳೆ ನೋಡುವವರಿಗೆ ಇದೇ ಆಧಾರ. ಅವಳು ನಿಜ ಹೇಳಿದ್ದರೆ ಅವಳಿಗೂ ಇದೇ ಆಸರೆ.

ಹೇಳಿಕೆಯನ್ನು ಅವಳೇ ತನ್ನ ಮಾತಲ್ಲಿ ಬರೆಯಲಿ, ನೀವು ಹೇಳಿಕೊಟ್ಟು ಬರೆಸಬೇಡಿ. ಕೈ ನಡುಗುತ್ತಿದ್ದರೆ ನೀರು ಕೊಟ್ಟು ಸ್ವಲ್ಪ ಹೊತ್ತು ಕೂರಿಸಿ. ಸಹಿ ಹಾಕಲು ಒಪ್ಪದಿದ್ದರೆ ಬಲವಂತ ಬೇಡ. ಇನ್ನೊಬ್ಬ ಸಿಬ್ಬಂದಿಯ ಎದುರು ಹಾಗೆಂದೇ ದಾಖಲಿಸಿ. ಮನೆಯವರು ಬರುವ ತನಕ ಅವಳೊಬ್ಬಳನ್ನೇ ಕಳಿಸಬೇಡಿ.