ಗುಂಯ್‌ಗುಟ್ಟಿಯೂ ತಿರುಗದ, ಟ್ರಿಪ್ಪೂ ಆಗದ ಮೋನೊಬ್ಲಾಕ್ ಪಂಪು: ಕಾರಣ, ಪರೀಕ್ಷೆ ಮತ್ತು ರಕ್ಷಣೆ

(ಗ್ರಾಮ ಪಂಚಾಯತಿಗಳ ನೀರುಗಂಟಿಗಳು, ಪಂಪು ಚಾಲಕರು ಹಾಗೂ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗಾಗಿ ಅಧ್ಯಯನ ಪಾಠ)

ಶಿರಾ ತಾಲ್ಲೂಕಿನ ಮದಲೂರು ಭಾಗದಲ್ಲಿಯೂ, ನೆರೆಯ ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿಯೂ ಆಳದ ಕೊಳವೆಬಾವಿಗಳಿಂದ ನೀರೆತ್ತಲು ಸಬ್‌ಮರ್ಸಿಬಲ್ ಪಂಪುಗಳೇ ಬೇಕಾಗುತ್ತವೆ. ಆದರೆ ನೆಲಮಟ್ಟದ ಸಂಪಿನಿಂದ ಮೇಲ್ತೊಟ್ಟಿಗೆ ನೀರೇರಿಸುವ ಶಾಲೆ, ಅಂಗನವಾಡಿ ಮತ್ತು ಸಣ್ಣ ಜನವಸತಿಗಳಲ್ಲಿ ಸಿಂಗಲ್ ಫೇಸ್ ಮೋನೊಬ್ಲಾಕ್ ಪಂಪನ್ನು ಬಳಸುವುದುಂಟು. ಈ ಪಾಠವು ಅಂತಹ ಪಂಪಿನ ಒಂದೇ ದೋಷಕ್ಕೆ ಸೀಮಿತವಾಗಿದೆ. ಸ್ವಿಚ್ ಹಾಕಿದೊಡನೆ ಮೋಟಾರು ಗುಂಯ್‌ಗುಡುತ್ತದೆ, ಆದರೆ ತಿರುಗುವುದಿಲ್ಲ. ರಕ್ಷಣಾ ಸಾಧನಗಳೂ ವಿದ್ಯುತ್ತನ್ನು ಕಡಿತಗೊಳಿಸುವುದಿಲ್ಲ. ಇದೇ ಸ್ಥಿತಿಯಲ್ಲಿ ಕೆಲವು ನಿಮಿಷ ಬಿಟ್ಟರೆ ವೈಂಡಿಂಗ್ ಸುಟ್ಟುಹೋಗುತ್ತದೆ.

1. ಮೋಟಾರು ಏಕೆ ತಿರುಗುವುದಿಲ್ಲ?

ಸಿಂಗಲ್ ಫೇಸ್ ಮೋಟಾರಿನ ಮುಖ್ಯ ವೈಂಡಿಂಗ್ ಒಂದೇ ಇದ್ದರೆ ಅದು ಉಂಟುಮಾಡುವ ಕಾಂತಕ್ಷೇತ್ರವು ಏರಿಳಿಯುತ್ತದೆಯೇ ಹೊರತು ಸುತ್ತುವುದಿಲ್ಲ. ಆದಕಾರಣ ನಿಂತಿರುವ ರೋಟರಿಗೆ ಯಾವ ದಿಕ್ಕಿಗೂ ತಳ್ಳು ದೊರೆಯದು. ಕಂಪನ ಮಾತ್ರ ಉಂಟಾಗಿ ಗುಂಯ್ ಎಂಬ ಸದ್ದು ಬರುತ್ತದೆ. ಈ ತಳ್ಳನ್ನು ಕೊಡುವುದಕ್ಕಾಗಿಯೇ ಎರಡನೆಯ ವೈಂಡಿಂಗನ್ನು ಕೆಪಾಸಿಟರಿನ ಮೂಲಕ ಜೋಡಿಸಲಾಗಿರುತ್ತದೆ. ಕೆಪಾಸಿಟರು ದುರ್ಬಲಗೊಂಡಷ್ಟೂ ಈ ತಳ್ಳು ಕುಗ್ಗುತ್ತದೆ.

ವೋಲ್ಟೇಜಿನ ಪರಿಣಾಮ ಇನ್ನೂ ತೀವ್ರವಾದುದು. ಆರಂಭದ ತಿರುಚುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ವೋಲ್ಟಿನ ಬದಲು 160 ವೋಲ್ಟ್ ದೊರೆತರೆ ವೋಲ್ಟೇಜು ಮೂರರಲ್ಲಿ ಒಂದು ಪಾಲಿಗಿಂತ ಕೊಂಚ ಕಡಿಮೆ ಇಳಿದಂತಾದರೂ ಬಲವು ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಮೂರನೆಯ ಕಾರಣ ಯಾಂತ್ರಿಕವಾದುದು. ಗಡಸು ನೀರಿನ ಸುಣ್ಣ ಕಟ್ಟಿದಾಗ, ಬಹಳ ದಿನ ನಿಂತ ಪಂಪಿನಲ್ಲಿ ತುಕ್ಕು ಹಿಡಿದಾಗ, ಅಥವಾ ಹಿಂದೆ ನೀರಿಲ್ಲದೆ ಓಡಿ ಸೀಲ್ ಕಾದು ಅಂಟಿಕೊಂಡಾಗ ಶಾಫ್ಟ್ ಬಿಗಿಯಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಆ ಹೊತ್ತಿಗೆ ಸಂಪಿನಲ್ಲಿ ನೀರಿಲ್ಲದಿರುವುದು ಅಥವಾ ವಾಲ್ವ್ ಮುಚ್ಚಿರುವುದು ಈ ದೋಷಕ್ಕೆ ಕಾರಣವಲ್ಲ. ನೀರಿಲ್ಲದ ಸೆಂಟ್ರಿಫ್ಯೂಗಲ್ ಪಂಪು ಇನ್ನೂ ಹಗುರವಾಗಿ ತಿರುಗಲಾರಂಭಿಸುತ್ತದೆ.

2. ರಕ್ಷಣಾ ಸಾಧನಗಳು ಏಕೆ ಸುಮ್ಮನಿರುತ್ತವೆ?

ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದು ಅಶ್ವಶಕ್ತಿಯ ಪಂಪಿನ ನಾಮಫಲಕದಲ್ಲಿ 6.5 ಆಂಪಿಯರ್ ಎಂದಿದೆ. ರೋಟರ್ ನಿಂತೇ ಇದ್ದಾಗ ಅದು 230 ವೋಲ್ಟಿನಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತದೆ. ಕಂಬದಿಂದ ಪಂಪಿಗೆ 100 ಮೀಟರ್ ಉದ್ದದ 2.5 ಚದರ ಮಿ.ಮೀ. ತಾಮ್ರದ ತಂತಿ ಎಳೆಯಲಾಗಿದೆ. ಹೋಗುವ ಮತ್ತು ಬರುವ ತಂತಿಗಳೆರಡೂ ಸೇರಿ ಇದರ ರೋಧ ಸುಮಾರು ಒಂದೂವರೆ ಓಮ್.

ಪಂಪು ನಿಂತಿರುವಾಗ ಸ್ಟಾರ್ಟರಿನ ಮೀಟರು 208 ವೋಲ್ಟ್ ತೋರಿಸುತ್ತದೆ. ಸ್ವಿಚ್ ಹಾಕಿದಾಗ ಸುಮಾರು 23 ಆಂಪಿಯರ್ ಹರಿದು ತಂತಿಯಲ್ಲಿಯೇ 34 ವೋಲ್ಟ್ ನಷ್ಟವಾಗುತ್ತದೆ. ಮೋಟಾರಿಗೆ ದೊರೆಯುವುದು 174 ವೋಲ್ಟ್ ಮಾತ್ರ. ಆರಂಭದ ಬಲವು ಶೇ. 57ಕ್ಕೆ ಇಳಿದಿದೆ. ಈಗ ಮೂರು ಸಾಧನಗಳು ಈ 23 ಆಂಪಿಯರನ್ನು ಹೇಗೆ ಕಾಣುತ್ತವೆ ಎಂಬುದನ್ನು ಗಮನಿಸಬೇಕು.

(ಅ) ಎಂಸಿಬಿ: 32 ಆಂಪಿಯರಿನ ಎಂಸಿಬಿ ಹಾಕಿದ್ದರೆ 23 ಆಂಪಿಯರ್ ಅದರ ಮಿತಿಯೊಳಗೇ ಇರುವುದರಿಂದ ಅದು ಎಂದೂ ಟ್ರಿಪ್ ಆಗದು. 16 ಆಂಪಿಯರಿನದಾದರೂ ಇದು ಸುಮಾರು ಒಂದೂವರೆ ಪಟ್ಟಿನ ಹೊರೆಯಷ್ಟೆ. ಅಷ್ಟಕ್ಕೆ ಟ್ರಿಪ್ ಆಗಲು ಒಂದು ಗಂಟೆಯವರೆಗೂ ಹಿಡಿಯಬಹುದು. ಎಂಸಿಬಿ ಕಾಯುವುದು ತಂತಿಯನ್ನೇ ಹೊರತು ಮೋಟಾರನ್ನಲ್ಲ.

(ಆ) ಡ್ರೈ ರನ್ ರಕ್ಷಣೆ: ಕರೆಂಟನ್ನು ಅಳೆದು ಕೆಲಸ ಮಾಡುವ ಬಗೆಯು, ನೀರು ಬತ್ತಿದಾಗ ಹೊರೆ ತಗ್ಗಿ ಕರೆಂಟ್ ಇಳಿಯುತ್ತದೆ ಎಂಬ ತತ್ತ್ವವನ್ನು ಆಧರಿಸಿದೆ. ನೀರಿದ್ದಾಗ 6 ಆಂಪಿಯರ್, ಬತ್ತಿದಾಗ 4 ಆಂಪಿಯರ್ ಇದ್ದರೆ ಅದನ್ನು 5ಕ್ಕೆ ಹೊಂದಿಸಲಾಗುತ್ತದೆ. 23 ಆಂಪಿಯರ್ ಈ ಮಿತಿಗಿಂತ ಬಹಳ ಮೇಲಿರುವುದರಿಂದ ‘ನೀರಿದೆ’ ಎಂದೇ ಅದು ಗ್ರಹಿಸುತ್ತದೆ. ಎಲೆಕ್ಟ್ರೋಡ್ ಅಥವಾ ಫ್ಲೋಟ್ ಬಗೆಯದು ಸಂಪಿನ ಮಟ್ಟವನ್ನಷ್ಟೇ ನೋಡುತ್ತದೆ.

(ಇ) ಓವರ್‌ಲೋಡ್ ರಿಲೇ: ನಾಮಫಲಕದ 6.5 ಆಂಪಿಯರಿಗೇ ಹೊಂದಿಸಿದ್ದರೆ 23 ಆಂಪಿಯರ್ ಮೂರೂವರೆ ಪಟ್ಟಾಗುತ್ತದೆ. ಅರ್ಧ ನಿಮಿಷದ ಆಸುಪಾಸಿನಲ್ಲಿ ರಿಲೇ ಬಿಡುಗಡೆಯಾಗಬೇಕು. ಈ ದೋಷವನ್ನು ಹಿಡಿಯತಕ್ಕ ಸಾಧನ ಇದೇ. ಪದೇಪದೇ ಟ್ರಿಪ್ ಆಗುತ್ತದೆಂದು ಇದರ ಸೆಟ್ಟಿಂಗನ್ನು ಮೇಲೇರಿಸುವುದಾಗಲಿ, ನೇರ ಜೋಡಣೆ ಕೊಡುವುದಾಗಲಿ ಕೂಡದು. ಡ್ರೈ ರನ್ ರಕ್ಷಣೆಯಿದ್ದರೂ ಓವರ್‌ಲೋಡ್ ರಿಲೇ ಬೇರೆಯಾಗಿಯೇ ಬೇಕು.

3. ಪರೀಕ್ಷೆಯ ಕ್ರಮ

ಗುಂಯ್ ಸದ್ದು ಕೇಳಿ ಮೂರು ನಾಲ್ಕು ಸೆಕೆಂಡಿನೊಳಗೆ ಪಂಪು ವೇಗ ಹಿಡಿಯದಿದ್ದರೆ ಕೂಡಲೇ ಸ್ವಿಚ್ ತೆಗೆಯಬೇಕು. ಮತ್ತೆ ಮತ್ತೆ ಹಾಕಿ ನೋಡಬಾರದು. ತಾನಾಗಿ ಚಾಲೂ ಮಾಡುವ ಮಟ್ಟ ನಿಯಂತ್ರಕವಿದ್ದರೆ ಅದನ್ನೂ ನಿಲ್ಲಿಸಬೇಕು.

ಮೊದಲನೆಯದಾಗಿ, ಮೇನ್ ಸ್ವಿಚ್ ತೆಗೆದು, ಫ್ಯೂಸ್ ಕ್ಯಾರಿಯರನ್ನು ಕಳಚಿಟ್ಟುಕೊಂಡು, ಹಿಂಬದಿಯ ಫ್ಯಾನಿನ ಕಡೆಯಿಂದ ಶಾಫ್ಟನ್ನು ತಿರುಗಿಸಬೇಕು. ಅದು ಬಿಗಿಯಾಗಿದ್ದರೆ ದೋಷ ಪಂಪಿನದು. ಕೆಪಾಸಿಟರ್ ಬದಲಿಸುವುದು ವ್ಯರ್ಥ. ವಿದ್ಯುತ್ ಇರುವಾಗ ಕೈಯಿಂದಲೋ ಹಗ್ಗದಿಂದಲೋ ಶಾಫ್ಟನ್ನು ಸುತ್ತಿಸುವ ರೂಢಿಯು ಅಪಾಯಕಾರಿ. ಅದನ್ನು ಸಂಪೂರ್ಣ ಕೈಬಿಡಬೇಕು.

ಎರಡನೆಯದಾಗಿ, ಶಾಫ್ಟ್ ಸಲೀಸಾಗಿದ್ದರೆ ವೋಲ್ಟೇಜನ್ನು ಎರಡು ಬಾರಿ ಓದಬೇಕು: ಪಂಪು ನಿಂತಿರುವಾಗ ಒಮ್ಮೆ, ಸ್ವಿಚ್ ಹಾಕಿದ ಆ ಎರಡು ಮೂರು ಸೆಕೆಂಡಿನಲ್ಲಿ ಒಮ್ಮೆ. ನಿಂತಿರುವಾಗಲೇ ಕಡಿಮೆಯಿದ್ದರೆ ಕೊರತೆ ಸರಬರಾಜಿನದು. ನಿಂತಾಗ ಸರಿಯಿದ್ದು ಸ್ವಿಚ್ ಹಾಕಿದೊಡನೆ ಬಹಳ ಕುಸಿದರೆ ತೆಳು ತಂತಿ, ಉದ್ದದ ಎಳೆ ಅಥವಾ ಸಡಿಲ ಜೋಡಣೆಯನ್ನು ಶಂಕಿಸಬೇಕು.

ಮೂರನೆಯದು ಕೆಪಾಸಿಟರಿನ ಪರೀಕ್ಷೆ. ಇದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರೇ ಮಾಡತಕ್ಕದ್ದು. ಸ್ವಿಚ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಅದರ ಎರಡು ತುದಿಗಳಿಗೆ ಪರೀಕ್ಷಾ ಬಲ್ಬು ಹಿಡಿದು ಬರಿದು ಮಾಡಿದ ಬಳಿಕವೇ ಕಳಚಿ, ಮೀಟರಿನಿಂದ ಮೈಕ್ರೊಫ್ಯಾರಡ್ ಅಳೆಯಬೇಕು. ಉಬ್ಬಿದ ಅಥವಾ ಎಣ್ಣೆ ಸೋರಿದ ಕೆಪಾಸಿಟರು ಅಳತೆಯಿಲ್ಲದೆಯೇ ತ್ಯಾಜ್ಯ. ಆದರೆ ಹೊರನೋಟಕ್ಕೆ ಚೆನ್ನಾಗಿರುವುದೂ ಒಳಗೆ ದುರ್ಬಲವಾಗಿರಬಹುದು.

4. ಉದಾಹರಣೆಯ ಮುಂದುವರಿಕೆ

ಮೇಲಿನ ಪಂಪಿನಲ್ಲಿ ಶಾಫ್ಟ್ ಸಲೀಸಾಗಿ ತಿರುಗುತ್ತದೆ. ಕೆಪಾಸಿಟರಿನ ಮೇಲೆ 20 ಮೈಕ್ರೊಫ್ಯಾರಡ್, 440 ವೋಲ್ಟ್ ಎಂದಿದ್ದು, ಅಳತೆಯಲ್ಲಿ 13 ಬರುತ್ತದೆ. ಅದೇ ಮೌಲ್ಯದ, 440 ವೋಲ್ಟಿಗೆ ಕಡಿಮೆಯಿಲ್ಲದ ಹೊಸದನ್ನು ಹಾಕಿದಾಗ ಹಗಲಿನಲ್ಲಿ ಪಂಪು ಚಾಲೂ ಆಗುತ್ತದೆ. ಸಂಜೆ ಸರಬರಾಜು 190 ವೋಲ್ಟಿಗೆ ಇಳಿದಾಗ ಮೋಟಾರಿಗೆ 159 ವೋಲ್ಟ್ ಮಾತ್ರ ತಲುಪಿ ಪುನಃ ಗುಂಯ್‌ಗುಡುತ್ತದೆ. ಇಲ್ಲಿ ದೋಷಗಳು ಎರಡು. ಒಂದನ್ನು ಸರಿಪಡಿಸಿದ್ದರಿಂದ ಇನ್ನೊಂದು ಮರೆಯಾಗಿತ್ತಷ್ಟೆ.

ಹೆಚ್ಚು ಮೈಕ್ರೊಫ್ಯಾರಡಿನ ಕೆಪಾಸಿಟರ್ ಹಾಕಿ ಈ ಕೊರತೆಯನ್ನು ತುಂಬಲು ಯತ್ನಿಸಬಾರದು. ಅದು ಓಡುವಾಗಲೆಲ್ಲ ಎರಡನೆಯ ವೈಂಡಿಂಗಿನಲ್ಲಿ ಅಧಿಕ ಕರೆಂಟ್ ಹರಿಸಿ ಅದನ್ನು ಕಾಯಿಸುತ್ತದೆ. ಸರಿಯಾದ ಪರಿಹಾರವೆಂದರೆ ತಂತಿ ಬದಲಾಯಿಸುವುದು. 6 ಚದರ ಮಿ.ಮೀ. ತಾಮ್ರದ ತಂತಿ ಎಳೆದರೆ, 208 ವೋಲ್ಟ್ ಇದ್ದಾಗ ಆರಂಭದಲ್ಲಿ ಮೋಟಾರಿಗೆ 174ರ ಬದಲು ಸುಮಾರು 192 ವೋಲ್ಟ್ ದೊರೆತು, ಬಲವು ಶೇ. 57ರಿಂದ 70ಕ್ಕೆ ಏರುತ್ತದೆ. ಸಂಜೆಯ ಸರಬರಾಜಿನ ಕೊರತೆಯನ್ನು ಮಾತ್ರ ತಂತಿಯಿಂದ ನೀಗಲಾಗದು. ಆ ಹೊತ್ತಿನಲ್ಲಿ ಪಂಪನ್ನು ಚಾಲೂ ಮಾಡದಂತೆ ತಡೆಯುವ ಕಡಿಮೆ ವೋಲ್ಟೇಜ್ ರಿಲೇಯನ್ನು ಅಳವಡಿಸಿ, ವೋಲ್ಟೇಜು ಸರಿಯಿರುವ ವೇಳೆಗೆ ನೀರೇರಿಸುವುದನ್ನು ಹೊಂದಿಸಿಕೊಳ್ಳಬೇಕು.

5. ದಾಖಲೆ

ಪಂಪು ಕೊಠಡಿಯ ಪುಸ್ತಕದಲ್ಲಿ ದಿನಾಂಕ, ವೇಳೆ, ನಿಂತಾಗಿನ ವೋಲ್ಟೇಜು, ಚಾಲೂ ಮಾಡುವಾಗಿನ ವೋಲ್ಟೇಜು, ಕೆಪಾಸಿಟರಿನ ಅಳತೆ ಹಾಗೂ ಓವರ್‌ಲೋಡ್ ಸೆಟ್ಟಿಂಗ್ ಇವುಗಳನ್ನು ಬರೆದಿಡತಕ್ಕದ್ದು. ನಿಂತಾಗಿನ ವೋಲ್ಟೇಜು ಒಂದು ವಾರ ಸತತವಾಗಿ ಕಡಿಮೆ ಕಂಡುಬಂದರೆ, ವೇಳೆಸಹಿತವಾದ ಆ ಓದುಗಳನ್ನೇ ಲಗತ್ತಿಸಿ ಬೆಸ್ಕಾಂ ಉಪವಿಭಾಗಕ್ಕೆ ಪಂಚಾಯತಿಯ ಮೂಲಕ ಲಿಖಿತ ದೂರು ಸಲ್ಲಿಸತಕ್ಕದ್ದು. ಸುಟ್ಟ ಮೋಟಾರನ್ನು ರೀವೈಂಡಿಂಗ್ ಮಾಡಿಸಿ ತಂದಾಗಲೂ ಈ ಪುಸ್ತಕವನ್ನು ನೋಡಿ, ಮೂಲ ದೋಷ ನಿವಾರಣೆಯಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಪಂಪನ್ನು ಚಾಲೂ ಮಾಡತಕ್ಕದ್ದು.