ಆಟೊಮ್ಯಾಟಿಕ್ ಕಾರು ಕೊಳ್ಳುವ ಮುನ್ನ: ಒಳಗೆ ಸವೆಯುವುದು ಯಾವುದು ಎಂದು ಕೇಳಿ

1. ಗೇರ್‌ಬಾಕ್ಸಿನ ಜಾತಿ ತಿಳಿಯದೆ ಬುಕಿಂಗ್ ಹಣ ಕೊಡಬೇಡಿ.

ಶೋರೂಮಿನಲ್ಲಿ ಎಲ್ಲವೂ 'ಆಟೊಮ್ಯಾಟಿಕ್'. ಆದರೆ ಎಜಿಎಸ್ ಎಂದರೂ ಎಎಂಟಿಯೇ, ಡಿಎಸ್‌ಜಿ ಮತ್ತು ಡಿಸಿಎ ಎರಡೂ ಡ್ಯೂಯಲ್ ಕ್ಲಚ್ಚೇ, ಐವಿಟಿ ಎಂಬುದು ಸಿವಿಟಿಯ ಇನ್ನೊಂದು ಹೆಸರು. ಒಂದೇ ಕಾರಿನಲ್ಲಿ ಎರಡು ಜಾತಿ ಇರುವುದೂ ಉಂಟು. ಸ್ಕೋಡಾ ಸ್ಲಾವಿಯಾ ನಮ್ಮಲ್ಲಿ 2022ರಲ್ಲಿ ಬಂದಾಗ 1.0 ಲೀಟರ್ ಎಂಜಿನ್ನಿಗೆ ಆರು ಗೇರಿನ ಟಾರ್ಕ್ ಕನ್ವರ್ಟರ್, 1.5 ಲೀಟರಿಗೆ ಏಳು ಗೇರಿನ ಡ್ಯೂಯಲ್ ಕ್ಲಚ್ ಕೊಟ್ಟಿದ್ದರು. ಹೊರಗಿನಿಂದ ಎರಡೂ ಒಂದೇ ಕಾರು. ವಾರಂಟಿ ಮುಗಿದ ಮೇಲೆ ಬರಬಹುದಾದ ಬಿಲ್ಲು ಮಾತ್ರ ಒಂದೇ ಅಲ್ಲ.

2. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ನಿಮ್ಮ ಕಾರಿನೊಳಗೆ ಏನಾಗುತ್ತದೆ ಎಂದು ಯೋಚಿಸಿ.

ಕಾರು ಇಂಚಿಂಚಾಗಿ ತೆವಳುವಾಗ ಎಂಜಿನ್ ತಿರುಗುತ್ತಲೇ ಇರುತ್ತದೆ, ಚಕ್ರ ಹೆಚ್ಚುಕಡಿಮೆ ನಿಂತಿರುತ್ತದೆ. ಈ ಎರಡರ ನಡುವೆ ಏನೋ ಒಂದು ಜಾರಲೇಬೇಕು. ಟಾರ್ಕ್ ಕನ್ವರ್ಟರಿನಲ್ಲಿ ಜಾರುವುದು ಎಣ್ಣೆ. ಆ ಎಣ್ಣೆ ಬಿಸಿಯಾಗುತ್ತದೆ, ಕೂಲರಿನಲ್ಲಿ ತಣಿಯುತ್ತದೆ, ಸವೆಯುವಂಥದ್ದು ಹೆಚ್ಚೇನಿಲ್ಲ. ಎಎಂಟಿ ಮತ್ತು ಡ್ರೈ ಕ್ಲಚ್ ಡಿಸಿಟಿಯಲ್ಲಿ ಜಾರುವುದು ಒಣ ಕ್ಲಚ್ ಪ್ಲೇಟು. ನೀವು ಕಾಲಿನಿಂದ ಹಾಫ್ ಕ್ಲಚ್ ಹಿಡಿಯುತ್ತಿದ್ದಿರಲ್ಲ, ಅದನ್ನೇ ಈಗ ಕಂಪ್ಯೂಟರ್ ಮಾಡುತ್ತದೆ. ಪೆಡಲ್ ಹೋಯಿತು, ಪ್ಲೇಟು ಸವೆಯುವುದು ಹೋಗಲಿಲ್ಲ. ಕೆಳಗಿನ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

3. ಎಎಂಟಿ ಕೊಳ್ಳುವುದಾದರೆ ರಿಪೇರಿ ಸುಲಭ ಎಂಬ ಕಾರಣಕ್ಕೆ ಕೊಳ್ಳಿ.

ಇದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸಲು ಮೇಲೊಂದು ಆಕ್ಚುಯೇಟರ್ ಕೂರಿಸಿದ್ದಾರೆ, ಅಷ್ಟೆ. 2014ರಲ್ಲಿ ಮಾರುತಿ ಸೆಲೆರಿಯೊ ಇದನ್ನು ನಮ್ಮ ಸಣ್ಣ ಕಾರುಗಳಿಗೆ ತಂದಿತು. ಗೇರ್ ಬದಲಾಗುವಾಗ ತಲೆ ಮುಂದೆ ತೂಗುವುದು ನಿಜ. ಆದರೆ ಕ್ಲಚ್ ಸೆಟ್ ಸವೆದರೆ ಸಣ್ಣ ಕಾರಿಗೆ ಸಾಮಾನ್ಯವಾಗಿ ಹತ್ತಿಪ್ಪತ್ತು ಸಾವಿರದೊಳಗೆ ಮುಗಿಯುತ್ತದೆ, ದಾವಣಗೆರೆಯ ಗ್ಯಾರೇಜಿನವರೂ ಅದನ್ನು ಬಿಚ್ಚಿ ಕೂರಿಸಬಲ್ಲರು. ದುಬಾರಿ ಭಾಗ ಆಕ್ಚುಯೇಟರ್. ಅದು ಪೂರ್ತಿ ಕೆಟ್ಟರೆ ಬಿಲ್ಲು ಅರ್ಧ ಲಕ್ಷದ ಆಸುಪಾಸಿಗೆ ಹೋಗಬಹುದು. ನಿಂತಲ್ಲೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬೀಳುವುದು, ಮೀಟರಿನಲ್ಲಿ ಗೇರಿನ ಅಕ್ಷರ ಮಿನುಗುವುದು ಅದರ ಮುನ್ಸೂಚನೆ. ಕೂಡಲೇ ಹೊಸದು ಹಾಕಿಸಬೇಡಿ. ಮೊದಲು ಆಕ್ಚುಯೇಟರಿನ ಆಯಿಲ್ ಮಟ್ಟ ನೋಡಿಸಿ, ಸ್ಕ್ಯಾನರ್ ಹಾಕಿಸಿ ಕ್ಲಚ್ ಎಷ್ಟು ಸವೆದಿದೆ ಎಂದು ಕೇಳಿ.

4. ಡ್ಯೂಯಲ್ ಕ್ಲಚ್ ಆದರೆ 'ಡ್ರೈಯೋ ವೆಟ್ಟೋ' ಎಂಬುದೇ ಮೊದಲ ಪ್ರಶ್ನೆ.

ಓಡಿಸಲು ಇದರಷ್ಟು ಖುಷಿ ಕೊಡುವ ಗೇರ್‌ಬಾಕ್ಸ್ ಇನ್ನೊಂದಿಲ್ಲ. ಒಂದು ಕ್ಲಚ್ ಈಗಿನ ಗೇರನ್ನು ಹಿಡಿದಿರುವಾಗಲೇ ಇನ್ನೊಂದು ಮುಂದಿನ ಗೇರನ್ನು ಸಿದ್ಧವಾಗಿಟ್ಟಿರುತ್ತದೆ. ಜಾಮ್ ಬಂದರೆ ಮಾತ್ರ ಆಟ ಬದಲು. ಫೋಕ್ಸ್‌ವ್ಯಾಗನ್ ಗುಂಪಿನ ಡಿಕ್ಯೂ200 ಎಂಬ ಏಳು ಗೇರಿನ ಡ್ರೈ ಕ್ಲಚ್ ಬಾಕ್ಸಿನ ಕಥೆ ಎಲ್ಲರೂ ತಿಳಿದಿರಬೇಕಾದದ್ದು. 2013ರಲ್ಲಿ ಮೊದಲು ಚೀನಾದಲ್ಲಿ ಸುಮಾರು 3.84 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆದರು. ಅದೇ ವರ್ಷದ ಕೊನೆಗೆ ಲೋಕದ ಬೇರೆಬೇರೆ ಕಡೆ ಸುಮಾರು 16 ಲಕ್ಷ ಕಾರುಗಳಲ್ಲಿ ಸಿಂಥೆಟಿಕ್ ಗೇರ್ ಆಯಿಲ್ ತೆಗೆದು ಮಿನರಲ್ ಆಯಿಲ್ ತುಂಬಿದರು. ಸೆಕೆ, ತೇವ, ನಿಂತು ನಿಂತು ಸಾಗುವ ಟ್ರಾಫಿಕ್ ಮೂರೂ ಕೂಡಿದಲ್ಲಿ ಹಳೆಯ ಆಯಿಲಿನಿಂದ ವಿದ್ಯುತ್ ಭಾಗ ಕೈಕೊಡಬಹುದು ಎಂಬುದು ಕಾರಣ. ಮಂಗಳೂರಿನ ಮೇ ತಿಂಗಳು ಇದಕ್ಕಿಂತ ಬೇರೆಯೇನಲ್ಲ. ಆಮೇಲೆ ಈ ಬಾಕ್ಸನ್ನು ಸಾಕಷ್ಟು ತಿದ್ದಿದ್ದಾರೆ. ಆದರೂ ಅದರ ಮಿದುಳಾದ ಮೆಕಾಟ್ರಾನಿಕ್ ಘಟಕ ಕೆಟ್ಟರೆ ಬಿಲ್ಲು ಲಕ್ಷ ದಾಟಬಹುದು.

ವೆಟ್ ಕ್ಲಚ್ಚಿನಲ್ಲಿ ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿರುವುದರಿಂದ ಬಿಸಿ ಬೇಗ ಇಳಿಯುತ್ತದೆ. ಟಾಟಾದ ಡಿಸಿಎ ಈ ಬಗೆಯದು. ಇದರಲ್ಲಿ ಎಣ್ಣೆ ಬದಲಿಸುವ ಖರ್ಚು ಸೇರುತ್ತದೆ, ಆ ಖರ್ಚು ನ್ಯಾಯವಾದದ್ದೇ.

ಡ್ರೈ ಕ್ಲಚ್ ಇದ್ದವರು ಮುಂದಿನ ಕಾರಿನ ಬಾಲ ಹಿಡಿದು ತೆವಳಬಾರದು. ಒಂದೆರಡು ಕಾರಿನಷ್ಟು ಜಾಗ ಆಗಲಿ, ಆಮೇಲೆ ಒಮ್ಮೆಗೇ ಹೋಗಿ ಪೂರ್ತಿ ನಿಲ್ಲಿಸಿ. ಆ ಜಾಗಕ್ಕೆ ಆಟೊ ನುಗ್ಗುತ್ತದೆ, ನುಗ್ಗಲಿ ಬಿಡಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವುದು ಪ್ಲೇಟನ್ನು ಬೇಕೆಂದೇ ಸುಟ್ಟಂತೆ. ಅಲ್ಲಿ ಬ್ರೇಕ್ ಹಿಡಿಯಿರಿ.

5. ಸಿವಿಟಿ ಬೇಕೆಂದರೆ ಎಣ್ಣೆಯ ವಿಷಯದಲ್ಲಿ ಜಿಪುಣತನ ಬಿಡಿ.

ಇದರಲ್ಲಿ ಗೇರುಗಳ ಬದಲು ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಅದನ್ನು ಬಿಗಿಯಾಗಿ ಹಿಡಿದಿಡುವುದು ಎಣ್ಣೆಯ ಒತ್ತಡ. ಎಣ್ಣೆ ಹಳತಾದರೆ ಅಥವಾ ಗ್ಯಾರೇಜಿನವರು ಸಾಮಾನ್ಯ ಎಟಿಎಫ್ ಸುರಿದರೆ ಬೆಲ್ಟ್ ಜಾರಿ ಪುಲ್ಲಿಯ ಮೈ ಗೀರುತ್ತದೆ. ಆಮೇಲೆ ಬಹುತೇಕ ಕಡೆ ಬಿಡಿಭಾಗ ಹಾಕಿ ಸರಿಮಾಡುವುದಿಲ್ಲ, ಇಡೀ ಬಾಕ್ಸನ್ನೇ ಬದಲಿಸಿ ಎನ್ನುತ್ತಾರೆ. ಅದು ಲಕ್ಷಗಳ ಮಾತು. ಕಂಪನಿ ಹೇಳಿದ ಸಿವಿಟಿ ಆಯಿಲನ್ನೇ ಹಾಕಿಸಿ, ಜಾಮಿನ ಊರಿನಲ್ಲಿ 40,000 ಕಿ.ಮೀ.ಗೆ ಒಮ್ಮೆ ಬದಲಿಸಿ. ಹೀಗೆ ನೋಡಿಕೊಂಡರೆ ಊರೊಳಗಿನ ಓಡಾಟಕ್ಕೆ ಇದು ನೆಮ್ಮದಿಯ ಬಾಕ್ಸ್, ಮೈಲೇಜೂ ಚೆನ್ನ. ಘಾಟಿಯಲ್ಲಿ ತುಂಬಿದ ಕಾರು ಹತ್ತಿಸುವಾಗ ಎಂಜಿನ್ ಗೋಳಾಡುವುದನ್ನು ಮಾತ್ರ ಸಹಿಸಿಕೊಳ್ಳಬೇಕು.

6. 'ಲೈಫ್‌ಟೈಂ ಆಯಿಲ್' ಎಂಬ ಮಾತನ್ನು ನಂಬಬೇಡಿ.

ಟಾರ್ಕ್ ಕನ್ವರ್ಟರ್ ಈ ನಾಲ್ಕರಲ್ಲಿ ಹೆಚ್ಚು ಬಾಳುವಂಥದ್ದು ಎಂಬುದು ನನ್ನ ಮತ. ಅದು ಹಾಳಾಗುವುದು ಹೆಚ್ಚಾಗಿ ಎಣ್ಣೆ ಬದಲಿಸದ ಕಾರಣಕ್ಕೆ. ಸರ್ವಿಸ್ ಸೆಂಟರಿನವರು ಬೇಡವೆಂದರೂ, ಇಂಥ ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷದೊಳಗೆ ಬದಲಿಸಿ ಎನ್ನುತ್ತದೆ. ಬೆಂಗಳೂರಿಗೆ ನಾನು 60,000 ಎನ್ನುತ್ತೇನೆ.

7. ಸೆಕೆಂಡ್ ಹ್ಯಾಂಡ್ ಆದರೆ ಬೇಸ್‌ಮೆಂಟ್ ರ್‍ಯಾಂಪಿನಲ್ಲಿ ಪರೀಕ್ಷಿಸಿ.

ಮೊದಲು ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿ. ತಣ್ಣಗಿದ್ದಾಗ ಕೆಟ್ಟ ಗೇರ್‌ಬಾಕ್ಸೂ ಒಳ್ಳೆಯ ಹುಡುಗನೇ. ಬಿಸಿಯಾದ ಮೇಲೆ ಅಪಾರ್ಟ್‌ಮೆಂಟಿನ ರ್‍ಯಾಂಪಿನ ನಡುವೆ ನಿಲ್ಲಿಸಿ, ಬ್ರೇಕ್ ಬಿಟ್ಟು ಮೆಲ್ಲಗೆ ಹತ್ತಿಸಿ. ರಿವರ್ಸಿನಲ್ಲೂ ಹಾಗೇ ಮಾಡಿ. ನಡುಗಿದರೆ, ಸುಟ್ಟ ವಾಸನೆ ಬಂದರೆ ಎಎಂಟಿ ಅಥವಾ ಡಿಸಿಟಿಯ ಕ್ಲಚ್ ಮುಗಿದಿದೆ. ಆರ್‌ಪಿಎಂ ಏರಿಯೂ ಕಾರು ಏರದಿದ್ದರೆ ಸಿವಿಟಿಯ ಬೆಲ್ಟಿನ ಬಗ್ಗೆ ಅನುಮಾನ ಪಡಿ. ಪಾರ್ಕ್‌ನಿಂದ ಡ್ರೈವ್‌ಗೆ ಹಾಕಿದಾಗ ತಡವಾಗಿ ಧಡ್ ಎಂದರೆ ಟಾರ್ಕ್ ಕನ್ವರ್ಟರಿನ ಎಣ್ಣೆ ತೆಗೆಸಿ ನೋಡಿ. ಕಪ್ಪಗಿದ್ದು ಸೀದ ವಾಸನೆ ಬಂದರೆ ಬೇಡ. ಹಾಲು ಬೆರೆಸಿದಂತೆ ಗುಲಾಬಿ ಬಣ್ಣವಿದ್ದರೆ ನೀರು ಹೊಕ್ಕಿದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬೇಸ್‌ಮೆಂಟುಗಳಲ್ಲಿ ಮುಳುಗಿದ ಕಾರುಗಳು ಈಗಲೂ ಕೈ ಬದಲಾಯಿಸುತ್ತಿರಬಹುದು.

8. ಹತ್ತು ವರ್ಷದ ಲೆಕ್ಕ ಹಾಕಿ.

ತಿಂಗಳಿಗೆ 800 ಕಿ.ಮೀ., ಎಲ್ಲವೂ ಬೆಂಗಳೂರಿನೊಳಗೆ ಎನ್ನಿ. ಹತ್ತು ವರ್ಷಕ್ಕೆ 96,000. ಮ್ಯಾನ್ಯುಯಲ್‌ಗಿಂತ ಎಎಂಟಿಗೆ 55,000 ರೂಪಾಯಿ, ಟಾರ್ಕ್ ಕನ್ವರ್ಟರಿಗೆ 1,30,000 ಹೆಚ್ಚು ಎಂದಿಟ್ಟುಕೊಳ್ಳಿ. ವ್ಯತ್ಯಾಸ 75,000. ಎಎಂಟಿಗೆ ಎರಡು ಕ್ಲಚ್ ಸೆಟ್ಟು, ಒಮ್ಮೆ ಆಕ್ಚುಯೇಟರ್ ಬಂದರೆ ಆ ಉಳಿತಾಯ ಕರಗಿತು. ಟಾರ್ಕ್ ಕನ್ವರ್ಟರಿಗೆ ಒಂದು ಎಣ್ಣೆ ಬದಲಾವಣೆ ಸಾಕು. ಇದೇ ಓಡಾಟ ಚಿಕ್ಕಮಗಳೂರಿನಲ್ಲಾದರೆ ಒಂದೇ ಕ್ಲಚ್ ಸೆಟ್ಟಿನಲ್ಲಿ ಮುಗಿಯಬಹುದು, ಅಲ್ಲಿ ಎಎಂಟಿಯೇ ಲಾಭ. ಡಿಸಿಟಿ ಬೇಕೇ ಬೇಕೆಂದರೆ ಮೊದಲ ವಾರಂಟಿ ಮುಗಿಯುವ ಮುನ್ನವೇ ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳಿ. ಅದರಲ್ಲಿ ಮೆಕಾಟ್ರಾನಿಕ್ ಸೇರಿದೆಯೇ, ಕ್ಲಚ್ಚನ್ನು ಸವೆಯುವ ಭಾಗವೆಂದು ಹೊರಗಿಟ್ಟಿದ್ದಾರೆಯೇ ಎಂಬುದನ್ನು ಸಹಿ ಹಾಕುವ ಮುಂಚೆ ಓದಿ.