ಶೇಂಗಾ ಅಂಗಡಿಯ ಲೆಕ್ಕ

ಒಂದು ಚಿಕ್ಕ ಅಂಗಡಿಯಲ್ಲಿ ಶೇಂಗಾ ಉಂಡೆ ಮತ್ತು ಚಿಕ್ಕಿ ಮಾಡುತ್ತಾರೆನ್ನೋಣ. ಒಂದು ತಟ್ಟೆ ಉಂಡೆಗೆ 2 ಕಿಲೋ ಶೇಂಗಾ, 1 ಕಿಲೋ ಬೆಲ್ಲ ಬೇಕು. ಲಾಭ 30 ರೂ. ಒಂದು ತಟ್ಟೆ ಚಿಕ್ಕಿಗೆ ಎರಡೂ ಒಂದೊಂದು ಕಿಲೋ. ಲಾಭ 20 ರೂ. ದಿನಕ್ಕೆ ಸಿಗುವುದು 16 ಕಿಲೋ ಶೇಂಗಾ, 10 ಕಿಲೋ ಬೆಲ್ಲ.

ಉಂಡೆ x ತಟ್ಟೆ, ಚಿಕ್ಕಿ y ತಟ್ಟೆ ಆಗಿರಲಿ.

2x + y ≤ 16
x + y ≤ 10
x ≥ 0, y ≥ 0

ನಕ್ಷೆ ಬರೆದರೆ ಮೂಲಬಿಂದುವಲ್ಲದೆ (8, 0), (6, 4), (0, 10) ಎಂಬ ಮೂಲೆಗಳು ದೊರೆಯುತ್ತವೆ. 30x + 20y ಪ್ರಕಾರ ಲಾಭ ಕ್ರಮವಾಗಿ 240, 260, 200 ರೂ.

ಹೆಚ್ಚು ಲಾಭದ ಉಂಡೆಯನ್ನೇ ಮಾಡಿದರೆ 2 ಕಿಲೋ ಬೆಲ್ಲ ಉಳಿಯುತ್ತದೆ. ಒಂದು ತಟ್ಟೆ ಉಂಡೆ ಬಿಟ್ಟರೆ ಎರಡು ತಟ್ಟೆ ಚಿಕ್ಕಿಯಾಗುತ್ತದೆ: 30 ಹೋಗಿ 40 ಬರುತ್ತದೆ. ಹೀಗೆ ಎರಡು ಸಲ ಮಾಡುವಾಗ ಬೆಲ್ಲ ಮುಗಿಯುತ್ತದೆ. ಮುಂದೆ ಒಂದಕ್ಕೆ ಒಂದೇ ಬದಲಿ. 30 ಹೋಗಿ 20 ಬರುವುದು ನಷ್ಟ. ಆದ್ದರಿಂದ 6 ತಟ್ಟೆ ಉಂಡೆ, 4 ತಟ್ಟೆ ಚಿಕ್ಕಿಯೇ ಉತ್ತರ.